ಹಳೆ ಗೃಹಸಾಲವನ್ನು ರೆಪೊ ದರಕ್ಕೆ ಬದಲಾಯಿಸಿಕೊಂಡವರು ಯಾರಾದರೂ ಇದ್ದೀರಾ?

ಕಲಬುರಗಿಯ ಶಿಕ್ಷಕಿ: 2017ರ ಕೊನೆಗೆ ಸೇಡಂ ರಸ್ತೆ ಕಡೆ ಮನೆ ಕಟ್ಟಲು ಬ್ಯಾಂಕಿನಿಂದ 23 ಲಕ್ಷ ತೆಗೆದುಕೊಂಡೆವು, 20 ವರ್ಷಕ್ಕೆ. ಒಂದು ಕಂತೂ ತಪ್ಪಿಸಿಲ್ಲ. ಈಗಲೂ 9.25 ಬಡ್ಡಿ ಹೋಗುತ್ತಿದೆ. ಅದೇ ಶಾಖೆಯಲ್ಲಿ ನಮ್ಮ ಶಾಲೆಯವರೊಬ್ಬರಿಗೆ ಹೊಸ ಸಾಲ 7.75ಕ್ಕೆ ಸಿಕ್ಕಿದೆ. ಸರಿಯಾಗಿ ಕಟ್ಟಿದ್ದೇವೆ ಅಂತ ಹೇಳಿ ಇಳಿಸಿಕೊಳ್ಳಬಹುದಾ? ಏನಂತ ಬರೆದು ಕೊಡಬೇಕು?

ಯಾದಗಿರಿ, ಗೊಬ್ಬರದ ಅಂಗಡಿ: ಅಕ್ಕಾರೆ, ಏನೂ ಬರೆಯಬೇಕಿಲ್ಲ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯೇ ರೆಪೊ ದರ, 2025ರಲ್ಲಿ ಅದನ್ನು 6.50ರಿಂದ 5.25ಕ್ಕೆ ತಂದಿದೆ. ಮೂರು ತಿಂಗಳಿಗೊಮ್ಮೆ ಬ್ಯಾಂಕು ತಾನಾಗಿಯೇ ಇಳಿಸಬೇಕು ಅಂತ ನಿಯಮವಿದೆ. ನನ್ನದು 2021ರ ಸಾಲ, ತಾನಾಗಿಯೇ ಇಳಿಯಿತು. ಸ್ವಲ್ಪ ಕಾಯಿರಿ.

ಬೀದರ್, ನಿವೃತ್ತ ಬ್ಯಾಂಕ್ ಅಧಿಕಾರಿ: ಯಾದಗಿರಿಯವರು ಹೇಳಿದ್ದು ಅವರ ಸಾಲಕ್ಕೆ ಸರಿ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲಗಳೆಲ್ಲ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. ಮೇಡಂ ಅವರದು 2017ರದು. ಅದು ಎಂಸಿಎಲ್‌ಆರ್ ಕಾಲದ ಸಾಲ. ಎಂಸಿಎಲ್‌ಆರ್ ನಿಂತಿರುವುದು ಬ್ಯಾಂಕಿಗೆ ಹಣ ಎಷ್ಟಕ್ಕೆ ಸಿಗುತ್ತದೆ ಅನ್ನುವುದರ ಮೇಲೆ. ರೆಪೊ ಇಳಿದರೂ ಅದು ನಿಧಾನವಾಗಿ ಇಳಿಯುತ್ತದೆ, ಅದೂ ನಿಮ್ಮ ಖಾತೆಗೆ ಬರುವುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಹಳೆ ಸಾಲಗಾರರನ್ನು ಬ್ಯಾಂಕು ತಾನಾಗಿ ಬದಲಾಯಿಸುವುದಿಲ್ಲ. ನಾವೇ ಕೇಳಬೇಕು. ಕಾಯುತ್ತ ಕುಳಿತರೆ ಪ್ರತಿ ತಿಂಗಳು ದುಡ್ಡು ಹೋಗುತ್ತಿರುತ್ತದೆ.

ಮೊದಲು ಮಂಜೂರಾತಿ ಪತ್ರ ತೆಗೆದು ನೋಡಿ. 'ಒಂದು ವರ್ಷದ ಎಂಸಿಎಲ್‌ಆರ್ + 0.50' ಅನ್ನುವ ರೀತಿಯ ಸಾಲು ಇರುತ್ತದೆ. ಅದು ಖಾತ್ರಿಯಾದ ಮೇಲೆ ಅರ್ಜಿ.

ಅರ್ಜಿಯಲ್ಲಿ ಎರಡು ಮಾತನ್ನು ಬೇರೆ ಬೇರೆ ಇಡಿ. ಜನ ಇಲ್ಲೇ ಎಡವುತ್ತಾರೆ. 'ನಾವು ಒಳ್ಳೆ ಗ್ರಾಹಕರು, ದಯವಿಟ್ಟು ಬಡ್ಡಿ ಕಡಿಮೆ ಮಾಡಿ' ಅಂತ ಬರೆದರೆ ಅದು ವಿನಂತಿ ಆಗುತ್ತದೆ, ಫೈಲಿನಲ್ಲೇ ಉಳಿಯುತ್ತದೆ. ಹೊರಗಿನ ದರಕ್ಕೆ ಬದಲಾಯಿಸಿ ಅನ್ನುವುದು ವಿನಂತಿ ಅಲ್ಲ. ದಂಡವಿಲ್ಲದೆ ಸಾಲ ಮುಗಿಸಲು ಅರ್ಹರಾದವರು ಹೀಗೆ ಬದಲಾಯಿಸಿಕೊಳ್ಳಬಹುದು ಅಂತ 2019ರ ಸೆಪ್ಟೆಂಬರ್ 4ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲೇ ಇದೆ. ಅದಕ್ಕೆ ಶುಲ್ಕವಿಲ್ಲ, ಕಾಗದಪತ್ರದ ಸಮಂಜಸ ಖರ್ಚು ಮಾತ್ರ ತೆಗೆದುಕೊಳ್ಳಬಹುದು. ಬದಲಾದ ಮೇಲೆ ನಿಮ್ಮ ದರ, ಅದೇ ಬಗೆಯ, ಅಷ್ಟೇ ಮೊತ್ತದ, ಅಷ್ಟೇ ಅವಧಿಯ ಹೊಸ ಸಾಲದ ದರವೇ ಆಗಿರಬೇಕು. ಈ ಮಾತನ್ನು ಅರ್ಜಿಯಲ್ಲಿ ಹಾಗೇ ಬರೆಯಿರಿ.

ತಪ್ಪದೆ ಕಟ್ಟಿದ ದಾಖಲೆ ಕೆಲಸಕ್ಕೆ ಬರುವುದು ಎರಡನೇ ಮಾತಿಗೆ. ರೆಪೊ ಎಲ್ಲರಿಗೂ ಒಂದೇ. ಅದರ ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್ ಒಬ್ಬೊಬ್ಬರಿಗೆ ಒಂದೊಂದು, ಅದು ಸಿಬಿಲ್ ಸ್ಕೋರ್ ನೋಡಿ ನಿಗದಿಯಾಗುತ್ತದೆ. 'ನನ್ನ ಈಗಿನ ಸ್ಕೋರ್ ಇಷ್ಟು, ಈ ಸ್ಕೋರಿನವರಿಗೆ ಹೊಸ ಸಾಲದಲ್ಲಿ ಹಾಕುವ ಸ್ಪ್ರೆಡ್ಡೇ ನನಗೂ ಹಾಕಿ' ಅಂತ ಕೇಳಿ. ಸಿಬಿಲ್ ವರದಿ ವರ್ಷಕ್ಕೊಂದು ಉಚಿತ. ಅದನ್ನೂ ಸಾಲದ ಖಾತೆಯ ಸ್ಟೇಟ್‌ಮೆಂಟನ್ನೂ ಲಗತ್ತಿಸಿ. ಬ್ಯಾಂಕು ಒಮ್ಮೆ ಹಾಕಿದ ಸ್ಪ್ರೆಡ್ಡನ್ನು ಮನಸ್ಸಿಗೆ ಬಂದಾಗ ಏರಿಸುವಂತಿಲ್ಲ. ಆದರೆ ಇರುವ ಗ್ರಾಹಕರನ್ನು ಉಳಿಸಿಕೊಳ್ಳಲು ಇಳಿಸಬಹುದು. 2025ರ ಅಕ್ಟೋಬರ್‌ನಿಂದ ಅದಕ್ಕೆ ಮೂರು ವರ್ಷ ಕಾಯಬೇಕಿಲ್ಲ.

ಕಲಬುರಗಿ, ಸ್ಟಾಫ್ ನರ್ಸ್: ನಾನು ಹೋದ ವರ್ಷ ಮಾಡಿಸಿಕೊಂಡೆ. ಮೂರು ಸಲ ಬಾಯಲ್ಲಿ ಕೇಳಿದೆ. ಮೂರು ಸಲವೂ 'ನೋಡೋಣ ಮೇಡಂ' ಅಂದರು. ಒಂದು ಸಲ ಟಾಪ್‌ಅಪ್ ಸಾಲ ತೆಗೆದುಕೊಳ್ಳಿ ಅಂತಲೂ ಹೇಳಿದರು. ನಾಲ್ಕನೇ ಸಲ ಎರಡು ಪ್ರತಿ ಒಯ್ದೆ. ಒಂದು ಕೊಟ್ಟೆ, ಇನ್ನೊಂದರ ಮೇಲೆ ಸೀಲು ಹಾಕಿ ತಾರೀಖು ಬರೆಯಿರಿ ಅಂದೆ. ಗುಮಾಸ್ತರು ಸೀಲು ಎತ್ತಿಕೊಂಡು ಮ್ಯಾನೇಜರ್ ಸಾಹೇಬರ ಕಡೆ ನೋಡಿದರು. ಸಾಹೇಬರು ಅರ್ಜಿ ಇಸಿದುಕೊಂಡು ಪೂರ್ತಿ ಓದಿದರು. ಆ ಸೀಲು ಬಿದ್ದ ಮೇಲೆಯೇ ಕಾಗದ ಮುಂದೆ ಹೋಯಿತು. 1,180 ರೂಪಾಯಿ ಕಟ್ಟಿಸಿಕೊಂಡರು. ಸಾಲ ಇಬ್ಬರ ಹೆಸರಲ್ಲಿರುವುದರಿಂದ ನಮ್ಮ ಮನೆಯವರೂ ರಜೆ ಹಾಕಿ ಬಂದು ಪೂರಕ ಕರಾರಿಗೆ ಸಹಿ ಮಾಡಬೇಕಾಯಿತು. ಇಬ್ಬರೂ ಒಟ್ಟಿಗೇ ಹೋಗಿ, ಇಲ್ಲದಿದ್ದರೆ ಒಂದು ವಾರ ಸುಮ್ನೆ ಹೋಗುತ್ತದೆ.

ಇನ್ನೊಂದು. ಬಡ್ಡಿ ಇಳಿಯಿತು, ನಾನು ಏನೂ ಹೇಳದಿದ್ದಕ್ಕೆ ಅವರು ಕಂತು ಇಳಿಸಿದರು. ಅವಧಿ ಹಾಗೇ ಉಳಿಯಿತು. ನನಗೆ ಬೇಕಿದ್ದದ್ದು ಬೇಗ ಮುಗಿಯುವುದು. ಮತ್ತೆ ಅರ್ಜಿ ಕೊಡಬೇಕಾಯಿತು.

ಬೀದರ್, ನಿವೃತ್ತ ಬ್ಯಾಂಕ್ ಅಧಿಕಾರಿ: ಅದು ಬಹಳ ದೊಡ್ಡ ವಿಷಯ. ಮೇಡಂ ಅವರ ಲೆಕ್ಕವನ್ನೇ ಹಾಕಿ ನೋಡಿದೆ. ಬಾಕಿ ಸುಮಾರು 18 ಲಕ್ಷ, ಉಳಿದದ್ದು 12 ವರ್ಷ, ಅಂದರೆ 144 ಕಂತು ಅಂತಿಟ್ಟುಕೊಳ್ಳಿ. 9.25ರಲ್ಲಿ ತಿಂಗಳ ಕಂತು ಸುಮಾರು 20,740 ರೂಪಾಯಿ. 7.75 ಆದರೆ 19,240ರ ಆಸುಪಾಸು. ತಿಂಗಳಿಗೆ 1,500 ಉಳಿಯುತ್ತದೆ, 144 ತಿಂಗಳಿಗೆ ಸುಮಾರು 2.16 ಲಕ್ಷ. ಕಂತು 20,740 ಆಗಿಯೇ ಇರಲಿ ಅಂದರೆ ಸಾಲ 128 ತಿಂಗಳಲ್ಲಿ ಮುಗಿಯುತ್ತದೆ. ಹದಿನಾರು ಕಂತು ಕಡಿಮೆ, ಉಳಿಕೆ ಮೂರು ಲಕ್ಷ ದಾಟುತ್ತದೆ. ಈಗಾಗಲೇ ಕಟ್ಟಿ ಅಭ್ಯಾಸವಿರುವ ಕಂತು ಅದು. ಅರ್ಜಿಯಲ್ಲೇ 'ಕಂತು ಬದಲಿಸಬೇಡಿ, ಅವಧಿ ಇಳಿಸಿ' ಅಂತ ಒಂದು ಸಾಲು ಬರೆಯಿರಿ.

ಕಲಬುರಗಿ, ಜೇವರ್ಗಿ ರಸ್ತೆ: ನನ್ನದೂ ಇದೇ ಕಥೆ, 10.10 ಬಡ್ಡಿ. ಆದರೆ ಸಾಲ ಹೌಸಿಂಗ್ ಫೈನಾನ್ಸ್ ಕಂಪನಿಯದು. ಈ ಸುತ್ತೋಲೆ ತೋರಿಸಿದರೆ ಇಳಿಸುತ್ತಾರಾ?

ಬೀದರ್, ನಿವೃತ್ತ ಬ್ಯಾಂಕ್ ಅಧಿಕಾರಿ: ಇಲ್ಲ ಸರ್, ಈ ನಿಯಮ ಬ್ಯಾಂಕುಗಳಿಗೆ. ಹೌಸಿಂಗ್ ಫೈನಾನ್ಸ್ ಕಂಪನಿಗಳು ತಮ್ಮದೇ ದರ ಇಟ್ಟುಕೊಂಡಿರುತ್ತವೆ. ಅವರಲ್ಲಿ ಶುಲ್ಕ ಕಟ್ಟಿ ದರ ಇಳಿಸಿಕೊಳ್ಳುವ ಪದ್ಧತಿ ಇರುತ್ತದೆ, ಕೇಳಿ ನೋಡಿ. ಆಗದಿದ್ದರೆ ಸಾಲವನ್ನೇ ಬ್ಯಾಂಕಿಗೆ ವರ್ಗಾಯಿಸುವುದು. ಅದರಲ್ಲಿ ಪರಿಶೀಲನೆ, ವಕೀಲರ ವರದಿ, ನೋಂದಣಿ ಎಲ್ಲದಕ್ಕೂ ಖರ್ಚಿದೆ. ಅದನ್ನು ಕಳೆದು ಲೆಕ್ಕ ಹಾಕಿ.

ಕಲಬುರಗಿಯ ಶಿಕ್ಷಕಿ: ಪತ್ರ ತೆಗೆದು ನೋಡಿದೆ, ಎಂಸಿಎಲ್‌ಆರ್ ಅಂತಲೇ ಇದೆ. ಒಂದು ಅಳುಕು. 2020ರ ಲಾಕ್‌ಡೌನ್‌ನಲ್ಲಿ ಮೂರು ತಿಂಗಳು ಕಂತು ಮುಂದೂಡಿಸಿಕೊಂಡಿದ್ದೆವು. 'ಒಂದು ಕಂತೂ ತಪ್ಪಿಸಿಲ್ಲ' ಅಂತ ಬರೆದರೆ ಸುಳ್ಳಾಗುತ್ತದಾ?

ಕಲಬುರಗಿ, ಸ್ಟಾಫ್ ನರ್ಸ್: ನಾವೂ ಮುಂದೂಡಿಸಿಕೊಂಡಿದ್ದೆವು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ನನಗೆ ಅಡ್ಡ ಬಂದಿದ್ದು 2022ರ ಒಂದು ಬೌನ್ಸ್. ಸಂಬಳ ಎರಡು ದಿನ ತಡವಾಗಿ ಬಂದಿತ್ತು ಅಷ್ಟೇ. ಅದಕ್ಕೇ ಹಿಡಿದುಕೊಂಡರು. ಸಂಬಳದ ಸ್ಟೇಟ್‌ಮೆಂಟ್ ತೋರಿಸಿದೆ, ಆದರೂ ಸ್ಪ್ರೆಡ್ ನಾನು ಕೇಳಿದಷ್ಟು ಇಳಿಯಲಿಲ್ಲ.

ಬೀದರ್, ನಿವೃತ್ತ ಬ್ಯಾಂಕ್ ಅಧಿಕಾರಿ: ಲಾಕ್‌ಡೌನ್ ಮುಂದೂಡಿಕೆಗೆ ರಿಸರ್ವ್ ಬ್ಯಾಂಕೇ ಅವಕಾಶ ಕೊಟ್ಟಿತ್ತು. ಅದನ್ನು ಸುಸ್ತಿ ಅಂತ ಎಣಿಸುವಂತಿಲ್ಲ. ಸಿಬಿಲ್ ವರದಿಯಲ್ಲಿ ಆ ತಿಂಗಳುಗಳನ್ನು ತಡಪಾವತಿ ಅಂತ ತೋರಿಸಿದ್ದರೆ ಅರ್ಜಿಗೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಅರ್ಜಿ ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸೀಲು ಹಾಕಿದ ಪ್ರತಿ ಆಗ ಬೇಕೇ ಬೇಕು.

ಯಾದಗಿರಿ, ಗೊಬ್ಬರದ ಅಂಗಡಿ: ನನ್ನ ಮಾತು ಹಳೆ ಸಾಲಕ್ಕೆ ಹೊಂದುವುದಿಲ್ಲ ಅಂತ ಈಗ ಗೊತ್ತಾಯಿತು. ಆದರೂ ಒಂದು ಹೇಳುತ್ತೇನೆ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ 4ರಿಂದ 6.50ಕ್ಕೆ ಏರಿತು. ಆಗ ನನ್ನ ಸಾಲದ ಅವಧಿ ಎಷ್ಟು ಉದ್ದವಾಯಿತೆಂದರೆ ನಿದ್ದೆ ಬರಲಿಲ್ಲ. ಇಳಿಯುವಾಗ ಬೇಗ ಇಳಿಯುತ್ತದೆ, ಏರುವಾಗಲೂ ಅಷ್ಟೇ ಬೇಗ.

ಕಲಬುರಗಿ, ಸ್ಟಾಫ್ ನರ್ಸ್: ಅದು ನಿಜ. ನನ್ನ ಕರಾರಿನಲ್ಲಿ ಮತ್ತೆ ಎಂಸಿಎಲ್‌ಆರ್‌ಗೆ ಮರಳುವಂತಿಲ್ಲ ಅಂತ ಬರೆದಿದ್ದಾರೆ. ಸಹಿಗೆ ಮೊದಲು ಆ ಸಾಲು ಓದಿಕೊಳ್ಳಿ, ಮೇಡಂ.

ಕಲಬುರಗಿಯ ಶಿಕ್ಷಕಿ: ಸೋಮವಾರ ಎರಡು ಪ್ರತಿ ತೆಗೆದುಕೊಂಡು ಇಬ್ಬರೂ ಹೋಗುತ್ತೇವೆ. ಅವರು ಯಾವ ಸ್ಪ್ರೆಡ್ ಹೇಳುತ್ತಾರೋ ಬಂದು ಇಲ್ಲೇ ಬರೆಯುತ್ತೇನೆ.