ಅಪ್‌ಡೇಟ್: ಸಲೂನ್–ಚರ್ಮದ ಡಾಕ್ಟರ್ ಒಪ್ಪಂದ, ಕುಂಬಳೆ

ನಾನು ಕೇಳಿದ್ದು: "ನಮ್ಮ ಸಲೂನ್‌ನಿಂದ ಚರ್ಮದ ಡಾಕ್ಟರ ಹತ್ತಿರ, ಅಲ್ಲಿಂದ ನಮ್ಮಲ್ಲಿಗೆ ಗಿರಾಕಿ ಕಳಿಸುವ ಏರ್ಪಾಡು ಮಾಡಬೇಕು. ತಲೆಗೆ ಎಷ್ಟು ಕಮಿಷನ್ ಇಡೋಣ?"

ಅಪ್‌ಡೇಟ್: ಕಮಿಷನ್ ಇಲ್ಲವೇ ಇಲ್ಲ. ಗಿರಾಕಿ ಕಳಿಸಿದ್ದಕ್ಕೆ ಡಾಕ್ಟರು ಹಣ ಕೊಡುವುದನ್ನೂ ಪಡೆಯುವುದನ್ನೂ ವೈದ್ಯರ 2002ರ ನೀತಿ ನಿಯಮಾವಳಿ ನಿಷೇಧಿಸುತ್ತದೆ. ಹಾಗಾಗಿ ಎರಡೂ ಕಡೆ ಓಡಾಡುವುದು ಒಂದು ಚೀಟಿ ಮಾತ್ರ, ಕನ್ನಡ ಮತ್ತು ಮಲಯಾಳ ಎರಡರಲ್ಲೂ ಅಚ್ಚಾದದ್ದು. ಗಿರಾಕಿ ಒಪ್ಪಿದರೆ ಅವರ ಕೈಯಲ್ಲೇ ಕೊಡುತ್ತೇವೆ. ಫೋಟೋ ತೆಗೆದು ವಾಟ್ಸಾಪ್ ಮಾಡುವುದಿಲ್ಲ.

ಚೀಟಿಯಲ್ಲಿ ರೋಗದ ಹೆಸರು ಬರೆಯಕೂಡದು, ಕಂಡದ್ದಷ್ಟೇ ಬರೆಯಬೇಕು. ಉದಾಹರಣೆಗೆ, ಕಪ್ಪು ಡೈ ಹಾಕಿಸಿಕೊಂಡವರಿಗೆ ಎರಡನೇ ದಿನ ಹಣೆಯಂಚು, ಕಿವಿಯ ಹಿಂದೆ ತುರಿಕೆ, ರೆಪ್ಪೆ ಊತ ಬಂತು ಎನ್ನಿ. "ಅಲರ್ಜಿ" ಎಂದು ಬರೆಯುವುದಿಲ್ಲ. ಡೈಯ ಬ್ರ್ಯಾಂಡ್, ಶೇಡ್, ಹಚ್ಚಿದ ದಿನ ಬರೆದು, ಖಾಲಿ ಡಬ್ಬಿಯನ್ನೂ ಜೊತೆಗೆ ಕೊಡುತ್ತೇವೆ. ಡಾಕ್ಟರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಡಬ್ಬಿಯೇ, ಘಟಕಗಳ ಪಟ್ಟಿ ಅದರ ಮೇಲಿರುತ್ತದೆ. ಉಸಿರಾಟ ಕಷ್ಟವಾದರೆ ಚೀಟಿ ಗೀಟಿ ಬೇಡ, ನೇರ ಆಸ್ಪತ್ರೆಗೆ.

ಡಾಕ್ಟರು ಬೆನ್ನಿಗೆ ಪ್ಯಾಚ್ ಅಂಟಿಸಿ ಪರೀಕ್ಷೆ ಮಾಡಿದರೆ ಫಲಿತಾಂಶಕ್ಕೆ ನಾಲ್ಕೈದು ದಿನ ಬೇಕು. ಪಿಪಿಡಿ ಎಂಬ ರಾಸಾಯನಿಕ ಒಗ್ಗದೆಂದು ಗೊತ್ತಾದರೆ ವಾಪಸ್ ಚೀಟಿಯಲ್ಲಿ "ಪಿಪಿಡಿ ಇರುವ ಡೈ, ಕಪ್ಪು ಮೆಹಂದಿ ಬೇಡ" ಎಂದು ಬರುತ್ತದೆ. "ಅಮೋನಿಯಾ ಇಲ್ಲ" ಎಂಬ ಡಬ್ಬಿಯಲ್ಲೂ ಪಿಪಿಡಿ ಇರಬಹುದು. ಸಾಮಾನ್ಯವಾಗಿ ಎಡವುವುದು ಇಲ್ಲೇ.

ಡಾಕ್ಟರು ಸೇರಿಸಿದ ಇನ್ನೊಂದು ಸಾಲು: ಮೊಡವೆಗೆ ಐಸೊಟ್ರೆಟಿನೋಯಿನ್ ಮಾತ್ರೆ ನುಂಗುವವರಿಗೆ ವ್ಯಾಕ್ಸ್ ಬೇಡ, ಚರ್ಮವೇ ಕಿತ್ತು ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಆರು ತಿಂಗಳು ವ್ಯಾಕ್ಸ್ ಬೇಡ, ಥ್ರೆಡಿಂಗ್‌ಗೂ ಮೊದಲು ಡಾಕ್ಟರನ್ನೇ ಕೇಳಿಸುತ್ತೇವೆ.