ಕಂಪನಿ 90 ದಿನಕ್ಕೆ ಕೊಡುತ್ತದೆ, ಬಿಲ್ ಮೇಲೆ ಈಗಲೇ ದುಡ್ಡು ಎತ್ತಬಹುದಾ?

ಪ್ರಶ್ನೆ (ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪ್‌ನವರು): ನಮ್ಮದು ಎರಡು ಸಿಎನ್‌ಸಿ ಮೆಷಿನ್ ಇರುವ ಚಿಕ್ಕ ಯೂನಿಟ್. ದೊಡ್ಡ ಕಂಪನಿಗೆ ಪಾರ್ಟ್ಸ್ ಕೊಡುತ್ತೇವೆ. ಈ ಸಲದ ಬಿಲ್ ಜಿಎಸ್‌ಟಿ ಸೇರಿ 7,08,000. ದುಡ್ಡು ಬರುವುದು 90 ದಿನಕ್ಕೆ. ಒಬ್ಬ ಏಜೆಂಟ್ ಬಂದು, ಬಿಲ್ ಕೊಟ್ಟರೆ 80 ಪರ್ಸೆಂಟ್ ನಾಳೆಯೇ ಹಾಕಿಸುತ್ತೇನೆ, ತಿಂಗಳಿಗೆ ಒಂದೂವರೆ ಪರ್ಸೆಂಟ್ ಎಂದ. ಕಂಪನಿ ಕೈಕೊಟ್ಟರೆ ಯಾರ ತಲೆಗೆ ಬರುತ್ತದೆ?

ಉತ್ತರ (ಬ್ಯಾಂಕಿನ ಸಾಲ ವಿಭಾಗದಲ್ಲಿ 18 ವರ್ಷ ಇದ್ದು ಹೊರಬಂದವರು): ಏಜೆಂಟ್ ಹೇಳಿದ್ದರಲ್ಲಿ ಬಹುಶಃ ನಿಮ್ಮ ತಲೆಗೇ, ಸರ್. ಹೀಗೆ ಬಿಲ್ ಕೊಟ್ಟು ಮುಂಚೆಯೇ ದುಡ್ಡು ಎತ್ತುವುದಕ್ಕೆ ಬಿಲ್ ಡಿಸ್ಕೌಂಟಿಂಗ್ ಎನ್ನುತ್ತಾರೆ. ಅಗ್ರಿಮೆಂಟ್‌ನಲ್ಲಿ 'ವಿತ್ ರಿಕೋರ್ಸ್' ಎಂದಿದೆಯಾ ನೋಡಿ. ಇದ್ದರೆ ಅದು ಸಾಲವೇ. ಕಂಪನಿ ಕೊಡದಿದ್ದರೆ ಅಸಲು, ಬಡ್ಡಿ ಎರಡನ್ನೂ ನಿಮ್ಮಿಂದಲೇ ಕೀಳುತ್ತಾರೆ. ಸಾಮಾನ್ಯವಾಗಿ ಖಾಲಿ ಚೆಕ್ ಕೂಡ ಕೇಳುತ್ತಾರೆ.

ಇನ್ನೊಂದು ದಾರಿ ಟ್ರೆಡ್ಸ್. ಸಣ್ಣ ಯೂನಿಟ್‌ನವರು ಬಿಲ್ ಮೇಲೆ ದುಡ್ಡು ಎತ್ತಲು ರಿಸರ್ವ್ ಬ್ಯಾಂಕ್ ಲೈಸೆನ್ಸ್ ಕೊಟ್ಟ ಆನ್‌ಲೈನ್ ವೇದಿಕೆಗಳು ಇವು. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಎಂಬ ಹೆಸರು ಕೇಳಿರಬಹುದು. ಅಲ್ಲಿ ನೀವು ಬಿಲ್ ಹಾಕುತ್ತೀರಿ, ಕಂಪನಿ 'ಸರಿ, ಇಷ್ಟು ಕೊಡಬೇಕು' ಎಂದು ಒಪ್ಪುತ್ತದೆ. ಆಮೇಲೆ ಬ್ಯಾಂಕುಗಳು ಬಡ್ಡಿ ದರ ಕೂಗುತ್ತವೆ, ನಮ್ಮ ಎಪಿಎಂಸಿ ಹರಾಜಿನ ಹಾಗೆ, ಆದರೆ ಕಡಿಮೆ ಕೂಗಿದವರಿಗೆ. ಬ್ಯಾಂಕ್ ನೋಡುವುದು ಕಂಪನಿಯ ಸಾಮರ್ಥ್ಯವನ್ನು, ನಿಮ್ಮದನ್ನಲ್ಲ. ಅದಕ್ಕೇ ದರ ಇಳಿಯುತ್ತದೆ. ಕಂಪನಿ ಕೈಕೊಟ್ಟರೂ ಬ್ಯಾಂಕ್ ನಿಮ್ಮ ಹತ್ತಿರ ಬರುವ ಹಾಗಿಲ್ಲ.

ಲೆಕ್ಕ ನೋಡಿ. ಮಾಲು ಇಳಿಸಿ, ತಪಾಸಣೆ ಆಗಿ, ಕಂಪನಿ ಒಪ್ಪುವಷ್ಟರಲ್ಲಿ 15 ದಿನ ಹೋಯಿತು ಅಂದುಕೊಳ್ಳಿ. ಉಳಿದದ್ದು 75 ದಿನ. ದರ 9 ಪರ್ಸೆಂಟ್ ಸಿಕ್ಕರೆ 7,08,000ಕ್ಕೆ ಬಡ್ಡಿ ಸುಮಾರು 13,100 ರೂಪಾಯಿ, ಜೊತೆಗೆ ವೇದಿಕೆಯ ಸಣ್ಣ ಶುಲ್ಕ. ಏಜೆಂಟ್ ದಾರಿಯಲ್ಲಿ ಕೈಗೆ ಬರುವುದೇ 5,66,400. ಅದಕ್ಕೆ ಅದೇ ಎರಡೂವರೆ ತಿಂಗಳಿಗೆ ಬಡ್ಡಿ 21,240.

ಮಾಲು ರಿಜೆಕ್ಟ್ ಆಗಿ ಬಿಲ್ಲಿನಲ್ಲಿ ಕಡಿತ ಮಾಡುವ ಡೆಬಿಟ್ ನೋಟ್ ಬರುವುದಿದ್ದರೆ ಕಂಪನಿ ಒಪ್ಪುವ ಮೊದಲೇ ಬಗೆಹರಿಸಿಕೊಳ್ಳಿ. ಒಪ್ಪಿ, ದುಡ್ಡು ಎತ್ತಿದ ಮೇಲೆ ಕಳೆಯುವ ಕೆಲಸ ಬಲು ಗೋಜಲು.

ಮೇಟಗಳ್ಳಿಯಿಂದ ಒಬ್ಬರು: ಇಷ್ಟೆಲ್ಲ ಯಾಕೆ? ಸಣ್ಣ ಯೂನಿಟ್‌ಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ. ಸರ್ಕಾರದ ಪೋರ್ಟಲ್‌ನಲ್ಲಿ ಒಂದು ದೂರು ಹಾಕಿ, ಮಾರನೇ ವಾರ ದುಡ್ಡು ಬರುತ್ತೆ.

ಉತ್ತರ: 45 ದಿನ ಸರಿ. 90 ದಿನಕ್ಕೆ ಒಪ್ಪಂದ ಬರೆದುಕೊಂಡಿದ್ದರೂ ಕಾನೂನಿನಲ್ಲಿ 45ಕ್ಕೆ ಮುಗಿಯಿತು. ಆಮೇಲೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆದರೆ ಮಾರನೇ ವಾರ ಬಂದದ್ದನ್ನು ನಾನು ನೋಡಿಲ್ಲ, ಅಣ್ಣ. ದೂರು ಇಂಥದ್ದನ್ನು ಬಗೆಹರಿಸುವ ಕೌನ್ಸಿಲ್‌ಗೆ ಹೋಗಿ, ಸಂಧಾನ, ವಿಚಾರಣೆ ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ. ಇರುವ ಒಬ್ಬನೇ ಗಿರಾಕಿ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಯಾರ ಹತ್ತಿರ ಕೇಳುವುದು? ಸಣ್ಣ ಯೂನಿಟ್ ಎಂದು ತೋರಿಸುವ ಸರ್ಕಾರದ ಉದ್ಯಮ್ ನೋಂದಣಿ ಬಿಲ್ಲಿಗಿಂತ ಮೊದಲೇ ಇರಲಿ, ಆಗ ಆ ಬಗ್ಗೆ ತಕರಾರು ಏಳುವುದಿಲ್ಲ.

ಮದ್ದೂರಿನ ಬೆಲ್ಲದ ವ್ಯಾಪಾರಿ: ಡಿಸ್ಕೌಂಟ್ ಅಂದರೆ ನಾನೂ ಕೊಟ್ಟಿದ್ದೇನೆ. ಬೇಗ ಕೊಡಿ ಅಂತ 2 ಪರ್ಸೆಂಟ್ ಬಿಟ್ಟೆ, 15 ದಿನಕ್ಕೆ ಹಾಕಿದರು. ಇದೂ ಅದೇನಾ? ನಮಗೂ 45 ದಿನದ ಕಾನೂನು ಉಂಟಾ?

ಉತ್ತರ: ಅದು ಬೆಲೆ ಇಳಿಸಿದ್ದು, ಬೇರೆ ವಿಷಯ. ಆದರೆ ಕೆಟ್ಟ ಲೆಕ್ಕವಲ್ಲ. ನಿಮ್ಮದೂ 90 ದಿನದ ವಾಯಿದೆ ಇದ್ದು 75 ದಿನ ಮೊದಲು ಬಂದರೆ ವರ್ಷಕ್ಕೆ ಸುಮಾರು 10 ಪರ್ಸೆಂಟ್ ಬಡ್ಡಿ ಕಟ್ಟಿದ ಹಾಗೆ. ಇನ್ನು ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿ ಕೊಟ್ಟದ್ದು ಆದ್ಯತಾ ಸಾಲದ ಅನುಕೂಲಕ್ಕೆ ಮಾತ್ರ. ತಡವಾದ ಪಾವತಿಯ ರಕ್ಷಣೆ ಅದರಲ್ಲಿ ಬರುವುದಿಲ್ಲ. ನಿಮ್ಮದೇ ಆಲೆಮನೆ ಇದ್ದರೆ ಕಥೆ ಬೇರೆ.

ಹೆಬ್ಬಾಳದವರು: ಮೇಡಂ, ನಮಗೆ ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್, ಅಂದರೆ ಸಿಸಿ ಸಾಲ ಇದೆ. ತೊಂದರೆ ಆಗುತ್ತಾ?

ಉತ್ತರ: ಒಳ್ಳೆಯದಾಯಿತು ಕೇಳಿದ್ದು. ಸಿಸಿ ಕೊಡುವಾಗ ನಿಮ್ಮ ಬಾಕಿ ಬಿಲ್ಲುಗಳೆಲ್ಲ ಬ್ಯಾಂಕಿಗೆ ಅಡವಾಗಿರುತ್ತವೆ. ಮೊದಲು ಅವರಿಂದ ಎನ್‌ಒಸಿ ತನ್ನಿ. ದುಡ್ಡು ಎತ್ತಿದ ಬಿಲ್ಲನ್ನು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನ ಬಾಕಿ ಪಟ್ಟಿಯಿಂದ ತೆಗೆಯಿರಿ. ಅಷ್ಟರಮಟ್ಟಿಗೆ ಡ್ರಾಯಿಂಗ್ ಪವರ್, ಅಂದರೆ ಸಿಸಿಯಲ್ಲಿ ಎತ್ತಬಹುದಾದ ಮೊತ್ತ, ಇಳಿಯುತ್ತದೆ. ಪಟ್ಟಿಯಲ್ಲಿ ಹಾಗೇ ಬಿಟ್ಟರೆ ಒಂದೇ ಬಿಲ್ಲಿಗೆ ಎರಡು ಕಡೆ ದುಡ್ಡು ಎತ್ತಿದಂತೆ. ಅದು ವಂಚನೆ ಕೇಸು. ಮರೆತು ಬಿಟ್ಟು ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ.

ಹೆಬ್ಬಾಳದವರು: ಕಂಪನಿ ಅಕೌಂಟ್ಸ್‌ನವರನ್ನು ಇವತ್ತು ಕೇಳಿದೆ. ಟ್ರೆಡ್ಸ್‌ಗೆ ಸೇರಿದ್ದೇವೆ, ಆದರೆ ನಿಮ್ಮಂಥ ಸಣ್ಣ ಬಿಲ್ ಅಲ್ಲಿ ಹಾಕುವುದಿಲ್ಲ ಎಂದರು. ವಹಿವಾಟು 250 ಕೋಟಿಗಿಂತ ಜಾಸ್ತಿ ಇದ್ದರೆ ಕಡ್ಡಾಯ ಅಲ್ವಾ?

ಉತ್ತರ: ಸೇರುವುದು ಕಡ್ಡಾಯ, ಅದಕ್ಕೆ 2025ರ ಮಾರ್ಚ್ 31 ಗಡುವು ಇತ್ತು. ಆದರೆ ನಿಮ್ಮ ಬಿಲ್ಲನ್ನೇ ಅಲ್ಲಿ ಒಪ್ಪಿಸಿಕೊಳ್ಳಲು ಸೇರಿದ್ದೊಂದೇ ಸಾಲದು. ಅಕೌಂಟ್ಸ್‌ನವರನ್ನು ಬಿಟ್ಟು ಖರೀದಿ ವಿಭಾಗದ ಮೇಲಿನವರನ್ನು ಹಿಡಿಯಿರಿ. 45 ದಿನ ದಾಟಿಸಿದರೆ ಸಣ್ಣ ಯೂನಿಟ್‌ಗೆ ಕೊಡುವ ಹಣವನ್ನು, ನಿಜವಾಗಿ ಪಾವತಿಸುವವರೆಗೆ, ಆದಾಯ ತೆರಿಗೆಯಲ್ಲಿ ಖರ್ಚು ಎಂದು ತೋರಿಸಲು ಅವರಿಗೆ ಆಗುವುದಿಲ್ಲ. ಆ ಮಾತು ಅವರ ಆಡಿಟರ್ ಕಿವಿಗೆ ಬಿದ್ದರೆ ಉತ್ತರ ಬದಲಾದರೂ ಆಗಬಹುದು. ಅವರು ಏನೆಂದರು ಎಂದು ಇಲ್ಲೇ ಬರೆಯಿರಿ.