ಅತ್ತೆ, ಮೊದಲು ಆ ಫೋನ್ ಕಟ್ ಮಾಡಲು ಹೇಳಿ

"ಪುಟ್ಟಿ, ಅಮೆರಿಕದಲ್ಲಿರೋ ನಮ್ಮ ಹುಡುಗನಿಗೆ ಟ್ಯಾಕ್ಸ್ ಆಫೀಸಿಂದ ಫೋನ್ ಬಂದಿದೆಯಂತೆ. ಇವತ್ತೇ ದುಡ್ಡು ಕಟ್ಟದಿದ್ರೆ ವೀಸಾ ಕ್ಯಾನ್ಸಲ್ ಮಾಡಿ ವಾಪಸ್ ಕಳಿಸ್ತಾರಂತೆ. ನಿಜಾನಾ? ಕಟ್ಟಬೇಕಾ?"

ಕಟ್ಟಬೇಡಿ ಅತ್ತೆ. ಒಂದು ಡಾಲರ್ ಕೂಡ ಕಟ್ಟಬೇಡಿ. ಅವನು ಇನ್ನೂ ಲೈನಲ್ಲಿದ್ದರೆ ಫೋನ್ ಇಡಲು ಹೇಳಿ, ಆಮೇಲೆ ಇದನ್ನು ಪೂರ್ತಿ ಕೇಳಿ. ನನ್ನ ತಮ್ಮನಿಗೆ ಹೀಗೇ ಆಗಿತ್ತು. ಮನೆಯ ಹೊರಗೆ ನಾವು ಯಾರಿಗೂ ಹೇಳಿರಲಿಲ್ಲ.

ಅವನು ಡಲ್ಲಾಸ್‌ಗೆ ಹೋಗಿ ವರ್ಷವೂ ಆಗಿರಲಿಲ್ಲ. ಒಂದು ದಿನ ರಾತ್ರಿ ಒಂಬತ್ತೂವರೆಗೆ, ಇಲ್ಲಿ ತುಮಕೂರಿನಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ. ಅವನ ಮೆಸೇಜ್ ಬಂತು: "ಅಕ್ಕಾ, ಅರ್ಜೆಂಟಾಗಿ ಒಂದೂವರೆ ಲಕ್ಷ ಬೇಕು. ಏನೂ ಕೇಳಬೇಡ." ಅಲ್ಲಿ ಆಗ ಬೆಳಗ್ಗೆ ಹನ್ನೊಂದು. ಒದ್ದೆ ಕೈಯಲ್ಲೇ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಲೈನ್ ಕಟ್ ಮಾಡಿದರೆ ಪೊಲೀಸ್ ಬರುತ್ತಾರೆ ಅಂತ ಆ ಕಡೆಯವನು ಹೆದರಿಸಿದ್ದನಂತೆ.

ಫೋನಿನಲ್ಲಿ ಕಂಡ ನಂಬರು 202ರಿಂದ ಶುರುವಾಗಿತ್ತು. ಅದು ವಾಷಿಂಗ್ಟನ್ನಿನ ಕೋಡ್. ಕಂಪ್ಯೂಟರಿನಿಂದ ಕರೆ ಮಾಡುವಾಗ ಯಾವ ನಂಬರ್ ಬೇಕಾದರೂ ತೋರಿಸಬಹುದು ಅಂತ ಇವನಿಗೆ ಗೊತ್ತಿಲ್ಲದ್ದೇನಲ್ಲ, ಸಾಫ್ಟ್‌ವೇರ್ ಓದಿದವನು. ಆದರೆ ಆ ಗಳಿಗೆಯಲ್ಲಿ ತಲೆ ಓಡಲಿಲ್ಲ. ಇವನ ಪೂರ್ತಿ ಹೆಸರು, ಕಂಪನಿ, ವಿಳಾಸ ಎಲ್ಲ ಅವನೇ ಹೇಳಿದನಂತೆ. "ನಿನ್ನ ರಿಟರ್ನ್ಸ್‌ನಲ್ಲಿ ತಪ್ಪಿದೆ, 2,800 ಡಾಲರ್ ಬಾಕಿ, ಇವತ್ತು ಸಂಜೆಯೊಳಗೆ ವೀಸಾ ರದ್ದು" ಅಂದನಂತೆ. ಇವನು ಇಟ್ಟ ತಕ್ಷಣ ಇನ್ನೊಂದು ಕರೆ ಬಂತು, ಈ ಸಲ ಅಲ್ಲಿಯ ಪೊಲೀಸ್ ನಂಬರಿನಿಂದ. ಅದೂ ಅದೇ ಗುಂಪು. ಇವನು ನಡುಗಿಹೋದ.

ಅಂಗಡಿಗೆ ಹೋಗಿ ಗಿಫ್ಟ್ ಕಾರ್ಡ್ ತೆಗೆದುಕೋ ಅಂದರು. 500 ಡಾಲರಿನ ಎರಡು ಕಾರ್ಡ್ ಕೊಂಡ. ಕಾರಿನಲ್ಲೇ ಕೂತು, ಹಿಂಬದಿಯ ಬೆಳ್ಳಿ ಬಣ್ಣದ ಪಟ್ಟಿಯನ್ನು ಕೀಲಿಯಿಂದ ಕೆರೆದು, ನಂಬರ್ ಓದಿ ಹೇಳಿದ. ಅವರಿಗೆ ಬೇಕಿದ್ದುದು ಅಷ್ಟೇ. ನಂಬರ್ ಹೇಳಿದರೆ ನೋಟು ಕೈಗೆ ಕೊಟ್ಟ ಹಾಗೆ, ಕೆಲವೇ ನಿಮಿಷದಲ್ಲಿ ಖಾಲಿ. ಎರಡನೇ ಅಂಗಡಿಯಲ್ಲಿ ಬಿಲ್ ಹಾಕುವ ಹೆಂಗಸು ಕಾರ್ಡುಗಳ ಮೇಲೆ ಕೈ ಇಟ್ಟು, "ಮಗೂ, ಟ್ಯಾಕ್ಸ್ ಆಫೀಸಿನವರು ಹೇಳಿದರಾ?" ಅಂತ ಕೇಳಿದಳಂತೆ. ಆ ತಾಯಿ ಇಲ್ಲದಿದ್ದರೆ ಉಳಿದ 1,800 ಡಾಲರೂ ಹೋಗುತ್ತಿತ್ತು.

ಅಲ್ಲಿಯ ಟ್ಯಾಕ್ಸ್ ಆಫೀಸು, ಅದೇ ಐಆರ್‌ಎಸ್, ಬಾಕಿ ಇದ್ದರೆ ಸಾಮಾನ್ಯವಾಗಿ ಮೊದಲು ಅಂಚೆಯಲ್ಲಿ ಕಾಗದ ಕಳಿಸುತ್ತದೆ. ಮೊದಲ ಬಾಕಿ ನೋಟಿಸಿಗೆ ಸಿಪಿ14 ಅನ್ನುತ್ತಾರೆ, ಕಟ್ಟಲು ಸಾಮಾನ್ಯವಾಗಿ 21 ದಿನ ಕೊಡುತ್ತಾರೆ. ತಪ್ಪಿದ್ದರೆ ಪ್ರಶ್ನೆ ಮಾಡುವುದಕ್ಕೂ ಅವಕಾಶವಿದೆ. ಅವರು ಫೋನೇ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಕಾಗದಗಳು ಬಂದ ಮೇಲೆ ಕೆಲವು ಸಲ ಮಾಡುತ್ತಾರೆ. ಆದರೆ ಗಿಫ್ಟ್ ಕಾರ್ಡ್ ಕೇಳುವುದಿಲ್ಲ, ಪೊಲೀಸ್ ಕಳಿಸುತ್ತೇವೆ ಅನ್ನುವುದಿಲ್ಲ. ಮುಖ್ಯವಾಗಿ ವೀಸಾ ಅವರ ಕೈಯಲ್ಲೇ ಇಲ್ಲ. ವೀಸಾ ಕೊಡುವುದು, ರದ್ದು ಮಾಡುವುದು ಅಲ್ಲಿಯ ವಿದೇಶಾಂಗ ಇಲಾಖೆ. ಅಲ್ಲಿ ಇರುವ ಅವಧಿ ಮುಂದುವರಿಸುವ ಅರ್ಜಿ ನೋಡುವುದು ಇನ್ನೊಂದು ಇಲಾಖೆ. ಟ್ಯಾಕ್ಸ್ ಆಫೀಸಿನವನು ಸಂಜೆಯೊಳಗೆ ಯಾರನ್ನೂ ದೇಶದಿಂದ ಕಳಿಸಲಾರ.

ಅನುಮಾನ ಇದ್ದರೆ ನಮ್ಮ ಹುಡುಗನೇ IRS.gov ಅಂತ ಟೈಪ್ ಮಾಡಿ, ತನ್ನ ಅಕೌಂಟಿಗೆ ಲಾಗಿನ್ ಆಗಿ ಬಾಕಿ ನೋಡಲಿ. ಆ ಮೋಸಗಾರರು ಕಳಿಸಿದ ಲಿಂಕ್ ಒತ್ತುವುದು ಬೇಡ, ಅವರು ಕೊಟ್ಟ ನಂಬರಿಗೆ ವಾಪಸ್ ಮಾಡುವುದೂ ಬೇಡ.

ಅವನು ಈಗಾಗಲೇ ಏನಾದರೂ ಕೊಟ್ಟಿದ್ದಾನಾ, ಮೆತ್ತಗೆ ಕೇಳಿ ಅತ್ತೆ. ಬೈಯಬೇಡಿ, ಬೈದರೆ ಮುಚ್ಚಿಡುತ್ತಾನೆ. ನನ್ನ ತಮ್ಮ ಎರಡು ದಿನ ಬಾಯಿಯೇ ಬಿಡಲಿಲ್ಲ. ಅಷ್ಟರಲ್ಲಿ ಕಾರ್ಡ್ ಕಂಪನಿಯವರು ತಡೆಯುವ ಹೊತ್ತು ಮೀರಿತ್ತು, 1,000 ಡಾಲರ್ ಬರಲೇ ಇಲ್ಲ. ಕಾರ್ಡ್ ಕೊಂಡಿದ್ದರೆ ಕಾರ್ಡೂ ಬಿಲ್ಲೂ ಎಸೆಯದೆ ಈಗಲೇ ಕಾರ್ಡ್ ಕಂಪನಿಗೆ ಫೋನ್ ಮಾಡಲಿ. ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಲ್ಲಿಯ ಸರ್ಕಾರ ಕೊಡುವ ಗುರುತಿನ ನಂಬರ್, ಹೇಳಿಬಿಟ್ಟಿದ್ದರೆ ಅದು ಇನ್ನೂ ದೊಡ್ಡ ತಲೆನೋವು, ಅದರಿಂದ ಬೇರೆಯವರು ಅವನ ಹೆಸರಲ್ಲಿ ಸಾಲ ತೆಗೆಯಬಹುದು. ಹಾಗಾಗಿದ್ದರೆ ಜನರ ಸಾಲದ ದಾಖಲೆ ಇಡುವ ಕಂಪನಿಗಳಾದ ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಈ ಮೂರೂ ಕಡೆ ಕ್ರೆಡಿಟ್ ಫ್ರೀಜ್, ಅಂದರೆ ತನ್ನ ಹೆಸರಲ್ಲಿ ಹೊಸ ಸಾಲ ಸಿಗದ ಹಾಗೆ ತಡೆ, ಮಾಡಿಸಲಿ. ಅದಕ್ಕೆ ದುಡ್ಡಿಲ್ಲ.

ನಾನು ಮಲಗಿಲ್ಲ ಅತ್ತೆ. ತಮ್ಮನ ನಂಬರ್ ನಿಮಗೆ ಕಳಿಸುತ್ತೇನೆ. ನಮ್ಮ ಹುಡುಗ ಈಗಲೇ ಅವನಿಗೆ ಮಾಡಲಿ, ಅವನು ಎದ್ದೇ ಇರುತ್ತಾನೆ.